ಬಡ್ಡಿದರ: ಒಬ್ಬ ಗವರ್ನರ್ ಸಾಕೋ, ಸಮಿತಿ ಬೇಕೋ?

2016ರವರೆಗೆ ನಮ್ಮ ರೆಪೊ ದರದ, ಅಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರದ, ಕೊನೆಯ ಮಾತು ರಿಸರ್ವ್ ಬ್ಯಾಂಕ್ ಗವರ್ನರ್ ಒಬ್ಬರದೇ. ಸಲಹಾ ಸಮಿತಿ ಇತ್ತು, ಆದರೆ ಅದರ ಮಾತಿಗೆ ಅವರು ಕಟ್ಟುಬಿದ್ದಿರಲಿಲ್ಲ. ಈಗ ಹಣಕಾಸು ನೀತಿ ಸಮಿತಿಯ ಆರು ಜನ ಮತ ಹಾಕುತ್ತಾರೆ. ಮೂವರು ಬ್ಯಾಂಕಿನವರು, ಮೂವರು ಹೊರಗಿನವರು. ಮತ ಸಮವಾದರೆ ಗವರ್ನರ್ ಇನ್ನೊಂದು ಮತ ಹಾಕುತ್ತಾರೆ.

ಒಬ್ಬರೇ ಇದ್ದರೆ ತೀರ್ಮಾನ ಬೇಗ ಆಗುತ್ತದೆ ಅನ್ನುತ್ತಾರೆ. 2015ರ ಜನವರಿಯಲ್ಲಿ ಆಗಿನ ಗವರ್ನರ್ ರಘುರಾಮ್ ರಾಜನ್ ನಿಗದಿಯ ಸಭೆಗೆ ಕಾಯದೆ ದರ ಇಳಿಸಿದ್ದು ನಿಜ. ಆದರೆ 2022ರ ಮೇನಲ್ಲಿ ಸಮಿತಿಯೂ ದಿಢೀರನೆ ಸೇರಿ ದರವನ್ನು ಶೇ 0.40 ಏರಿಸಿತು. ಹಾಗಾಗಿ ವೇಗ ದೊಡ್ಡ ಕಾರಣವಲ್ಲ.

ನಿಜವಾದ ವ್ಯತ್ಯಾಸ ಇರುವುದು ಭಿನ್ನಮತ ಹೊರಗೆ ಕಾಣುವುದರಲ್ಲಿ. 2024ರ ಡಿಸೆಂಬರ್ ನೋಡಿ. ದರ ಶೇ 6.5ರಲ್ಲೇ ಉಳಿಯಿತು. ಆದರೆ ಹೊರಗಿನ ಸದಸ್ಯರಾದ ನಾಗೇಶ್ ಕುಮಾರ್, ರಾಮ್ ಸಿಂಗ್ ಇಬ್ಬರೂ ಶೇ 0.25 ಇಳಿಸಿ ಎಂದು ಮತ ಹಾಕಿದ್ದರು. ಅಕ್ಟೋಬರ್‌ನಲ್ಲಿ ಹಾಗೆಂದವರು ಒಬ್ಬರೇ. 2025ರ ಫೆಬ್ರವರಿಯಲ್ಲಿ ಆರೂ ಜನ ಒಪ್ಪಿ ಇಳಿಸಿದರು. ಯಾರು ಯಾವ ಕಡೆ ಎನ್ನುವುದು ಅಂದಿನ ಹೇಳಿಕೆಯಲ್ಲೇ ಸಿಗುತ್ತದೆ. ಯಾಕೆ ಎನ್ನುವುದನ್ನು ಒಬ್ಬೊಬ್ಬರೂ ವಿವರಿಸುವುದು 14ನೇ ದಿನ ಬರುವ ನಡಾವಳಿಯಲ್ಲಿ. ಗವರ್ನರ್ ಒಬ್ಬರ ಹೇಳಿಕೆಯಲ್ಲಿ ಈ ಜಗಳ ಕಾಣುವುದೇ ಇಲ್ಲ, ಅಲ್ವಾ?

ಮತ ಎಣಿಸಿ ಭವಿಷ್ಯ ಹೇಳಲು ಮಾತ್ರ ಹೋಗಬೇಡಿ. 2024ರ ಜೂನ್, ಆಗಸ್ಟ್‌ನಲ್ಲೂ ಮತ 4–2 ಇತ್ತು, ಇಬ್ಬರು ಇಳಿಸಿ ಎಂದಿದ್ದರು. ಅಕ್ಟೋಬರ್‌ಗೆ ಹೊರಗಿನ ಮೂವರೂ ಬದಲಾದರು, ದರ ಅಲ್ಲೇ ನಿಂತಿತು.

ನನ್ನ ಆಯ್ಕೆ ಸಮಿತಿಯೇ, ಆದರೆ ಹೆಸರು ಸಮೇತ ಮತ ಮತ್ತು ನಡಾವಳಿ ಹೊರಬರಬೇಕು. ಅದಿಲ್ಲದಿದ್ದರೆ ಒಬ್ಬ ಗವರ್ನರ್ ವಾಸಿ. ತಪ್ಪಾದಾಗ ಕೇಳುವುದು ಯಾರನ್ನು ಎಂದಾದರೂ ಗೊತ್ತಿರುತ್ತದೆ.