ಇಡ್ಲಿ ಪುಡಿಗೆ ಎಳ್ಳೆಣ್ಣೆಯಾ, ತುಪ್ಪವಾ? ತಕ್ಕಡಿ ಇಟ್ಟು ನೋಡಿದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಳ್ಳೆಣ್ಣೆಗೆ. ಹೋಟೆಲಿನ ಘೀ ಪುಡಿ ಇಡ್ಲಿಯ ರುಚಿ ಹತ್ತಿ, ಬೆಳಗಿನ ತಿಂಡಿಗೆ ಅಂತಲೇ ಅಗಲ ಬಾಯಿಯ ದೊಡ್ಡ ಡಬ್ಬಿ ತುಪ್ಪ ತಂದಿದ್ದೆ. ಅದು ಖಾಲಿಯಾದ ವೇಗ ನೋಡಿ ಅಡುಗೆಮನೆಯ ತಕ್ಕಡಿ ಹೊರಗೆ ಬಂತು. ಆಮೇಲೆ ಎರಡನ್ನೂ ಅಳೆದು ತಿಂದು ನೋಡಿದೆ.

ಗ್ರಾಮ್ ಲೆಕ್ಕದಲ್ಲಿ ಎರಡಕ್ಕೂ ಜಗಳವೇ ಇಲ್ಲ. ಕೊಬ್ಬು ಯಾವುದಾದರೂ ಗ್ರಾಮಿಗೆ ಸುಮಾರು 9 ಕ್ಯಾಲೊರಿ. ಎಳ್ಳೆಣ್ಣೆ ಪೂರ್ತಿ ಕೊಬ್ಬು, ಕಾಯಿಸಿದ ತುಪ್ಪವೂ ಹೆಚ್ಚುಕಡಿಮೆ ಹಾಗೇ. 5 ಎಂಎಲ್ ಹಿಡಿಯುವ ಟೀ ಚಮಚದಲ್ಲಿ ಎಣ್ಣೆ ಅಥವಾ ಕರಗಿದ ತುಪ್ಪ ಸುಮಾರು ನಾಲ್ಕೂವರೆ ಗ್ರಾಮ್ ಹಿಡಿಯುತ್ತದೆ, ಅಂದರೆ 40 ಕ್ಯಾಲೊರಿ. ಗಾಣದ ಎಣ್ಣೆ ತಂದರೂ ಅಷ್ಟೇ, ಪ್ಯಾಕೆಟ್ ಎಣ್ಣೆ ತಂದರೂ ಅಷ್ಟೇ. ಮನೆಯ ತುಪ್ಪ ಅಂದ ಮಾತ್ರಕ್ಕೆ ಅದೇನೂ ಹಗುರ ಆಗುವುದಿಲ್ಲ.

ಒಣ ಪುಡಿಯದು ಪಾಪ, ಸಣ್ಣ ಲೆಕ್ಕ. ಉದ್ದಿನಬೇಳೆ, ಕಡಲೆಬೇಳೆ, ಒಣಮೆಣಸಿನಕಾಯಿ, ಸ್ವಲ್ಪ ಎಳ್ಳು ಹಾಕಿ ಹುರಿದು ಮಾಡಿದ ಪುಡಿ ತಲೆಮಟ್ಟ ಟೀ ಚಮಚಕ್ಕೆ 3 ಗ್ರಾಮ್ ಆಸುಪಾಸು ತೂಗುತ್ತದೆ. ಅದರಲ್ಲಿ ಸುಮಾರು 12 ಕ್ಯಾಲೊರಿ. ಎಳ್ಳು ಜಾಸ್ತಿ ಬಿದ್ದರೆ ಒಂದೆರಡು ಹೆಚ್ಚು.

ಆದರೆ ಕಲಸಿದ ಮೇಲೆ ಒಂದು ಕಣ್ಕಟ್ಟು ನಡೆಯುತ್ತದೆ. ಎರಡು ಚಮಚ ಪುಡಿಗೆ ಒಂದು ಚಮಚ ಎಣ್ಣೆ ಹಾಕಿ ಕಲಸಿ ನೋಡಿ. ಮೂರು ಚಮಚ ಆಗಬೇಕಿತ್ತು ಅಲ್ವಾ? ಆಗುವುದಿಲ್ಲ. ಪುಡಿಯ ಕಾಳುಗಳ ನಡುವೆ ಅಷ್ಟೂ ಗಾಳಿ ಇರುತ್ತದೆ, ಎಣ್ಣೆ ಹೋಗಿ ಆ ಜಾಗದಲ್ಲಿ ಕೂರುತ್ತದೆ. ಕಲಸಿದ್ದು ಹತ್ತಿರ ಹತ್ತಿರ ಎರಡೇ ಚಮಚ. ಪುಡಿಯ 24 ಮತ್ತು ಎಣ್ಣೆಯ 40 ಸೇರಿ 64 ಕ್ಯಾಲೊರಿ ಆ ಎರಡು ಚಮಚದೊಳಗೆ ತುಂಬಿಕೊಂಡಿರುತ್ತದೆ. ಅಂದರೆ ಕಲಸಿದ ಪುಡಿ ಚಮಚಕ್ಕೆ 32. ಒಣ ಪುಡಿಯ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ, ನೋಡಲು ಮಾತ್ರ ಅಷ್ಟೇ ಗಾತ್ರ. ಊಟದ ಲೆಕ್ಕ ಬರೆದಿಡುವವರು 'ಇಡ್ಲಿ ಪುಡಿ ಎರಡು ಚಮಚ' ಅಂತ ಬರೆದು ಸುಮ್ಮನಾದರೆ ಎಣ್ಣೆಯದು ಪೂರ್ತಿ ಬಿಟ್ಟುಹೋಗುತ್ತದೆ. ಪ್ಯಾಕೆಟ್ ಮೇಲೆ ಅಚ್ಚಾಗಿರುವುದೂ ಒಣ ಪುಡಿಯ ಲೆಕ್ಕವೇ.

ಇಲ್ಲಿಯವರೆಗೆ ಎಣ್ಣೆ, ತುಪ್ಪ ಎರಡೂ ಸಮ. ತುಪ್ಪ ನನಗೆ ಕೈಕೊಟ್ಟಿದ್ದು ಚಮಚದಲ್ಲಿ.

ಎಣ್ಣೆ ಚಮಚದ ಅಂಚಿಗೆ ಬಂದು ನಿಲ್ಲುತ್ತದೆ, ಮೀರಿದರೆ ಚೆಲ್ಲುತ್ತದೆ. ಗಟ್ಟಿ ತುಪ್ಪಕ್ಕೆ ಅಂಚು ಅನ್ನೋದೇ ಇಲ್ಲ. ಅಗಲ ಬಾಯಿಯ ಡಬ್ಬಿಗೆ ಚಮಚ ಇಳಿಸಿ ಎತ್ತಿದರೆ ಮೇಲೊಂದು ಗುಡ್ಡ, ಚಮಚದ ಬೆನ್ನಿಗೆ ಒಂದು ಪದರ. ಇದನ್ನು ಅಳೆಯುವುದು ಸುಲಭ. ಡಬ್ಬಿಯನ್ನೇ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ತುಪ್ಪ ತೆಗೆಯಿರಿ. ಎಷ್ಟು ತೆಗೆದಿರೋ ಅಷ್ಟು ಮೈನಸ್‌ನಲ್ಲಿ ತೋರಿಸುತ್ತದೆ. ನನ್ನ ಕೈಯ 'ಒಂದು ಚಮಚ' 9 ಗ್ರಾಮ್ ತೂಗಿತು. ಸರಿಯಾದ ಟೀ ಚಮಚದ ಎರಡರಷ್ಟು! 81 ಕ್ಯಾಲೊರಿ ಒಂದೇ ಸಲಕ್ಕೆ.

ಅಷ್ಟಕ್ಕೆ ಮುಗಿದಿದ್ದರೆ ಪರವಾಗಿರಲಿಲ್ಲ. ತಣ್ಣಗಿನ ಸ್ಟೀಲ್ ತಟ್ಟೆಯಲ್ಲಿ, ಅದೂ ಚಳಿಗಾಲದ ಬೆಳಗ್ಗೆ, ಕರಗಿದ ತುಪ್ಪ ನೋಡನೋಡುತ್ತಲೇ ಮತ್ತೆ ಹರಳುಗಟ್ಟುತ್ತದೆ. ಮೊದಲ ಇಡ್ಲಿಗೆ ನುಣ್ಣಗೆ ಹತ್ತಿಕೊಂಡ ಪುಡಿ ಎರಡನೆಯದರ ಹೊತ್ತಿಗೆ ಉಂಡೆ ಉಂಡೆ. ಇಡ್ಲಿ ಒತ್ತಿದರೆ ಅಂಟುವುದಿಲ್ಲ, ತಟ್ಟೆಗೇ ಅಂಟಿ ಕೂರುತ್ತದೆ. ಬಾಯಿಗೆ ಪುಡಿ ಒಣಗಿದ ಹಾಗೆ ಅನ್ನಿಸುತ್ತದೆ, ಆದರೆ ತುಪ್ಪ ಅಲ್ಲೇ ಇದೆ, ಗಟ್ಟಿಯಾಗಿದೆ ಅಷ್ಟೇ. ಆಗ ಕೈ ತಾನಾಗಿ ಡಬ್ಬಿಗೆ ಹೋಗುತ್ತದೆ. ಇನ್ನೊಂದು ಅರ್ಧ ಚಮಚ ಅಂದುಕೊಂಡು ತೆಗೆದದ್ದು 5 ಗ್ರಾಮ್. ಕೊನೆಗೆ ತಟ್ಟೆಯಲ್ಲಿ ಉಳಿದದ್ದನ್ನು ಇಡ್ಲಿ ಚೂರಿನಿಂದ ಬಳಿದು ತಿನ್ನುವುದು ಇದ್ದೇ ಇದೆ, ಬಿಡೋಕಾಗುತ್ತಾ?

ಇದಕ್ಕೆ ಉಪಾಯ ಇಲ್ಲ ಅಂತಲ್ಲ. ಒಗ್ಗರಣೆ ಸೌಟಿನಲ್ಲಿ ತುಪ್ಪ ಕರಗಿಸಿ, ಕರಗಿದ್ದನ್ನು ಟೀ ಚಮಚದಲ್ಲಿ ಅಳೆದು, ಹಬೆಯಾಡುವ ಇಡ್ಲಿಯ ಮೇಲೆ ಹಾಕಿ, ಆಮೇಲೆ ಪುಡಿ ಉದುರಿಸಿದರೆ ನಾಲ್ಕೂವರೆ ಗ್ರಾಮಿನಲ್ಲೇ ಕೆಲಸ ಆಗುತ್ತದೆ. ಆದರೆ ಬಿಸಿ ಇಡ್ಲಿ ತುಪ್ಪವನ್ನು ಒಳಗೆ ಎಳೆದುಕೊಳ್ಳುತ್ತದೆ, ಪುಡಿ ಮೇಲೆ ಒಣಗಿ ನಿಲ್ಲುತ್ತದೆ. ಜೊತೆಗೆ ತೊಳೆಯಲು ಒಂದು ಸೌಟು ಜಾಸ್ತಿ. ಆಫೀಸಿಗೆ ಓಡುವ ಹೊತ್ತಿನಲ್ಲಿ ಇದು ನನ್ನಿಂದಾಗದು.

ಈಗ ಒಂದು ತಟ್ಟೆಯ ಲೆಕ್ಕ ನೋಡಿ. ಮನೆಯ ಸಾಮಾನ್ಯ ಗಾತ್ರದ ಇಡ್ಲಿಗೆ ಸುಮಾರು 60 ಕ್ಯಾಲೊರಿ ಹಿಡಿದರೆ ಮೂರಕ್ಕೆ 180. ಎರಡು ಚಮಚ ಪುಡಿ 24. ಎಳ್ಳೆಣ್ಣೆ ಒಂದು ಚಮಚ 40. ಒಟ್ಟು 244. ಅದೇ ಇಡ್ಲಿ, ಅದೇ ಪುಡಿ, ಮೇಲೆ ಡಬ್ಬಿಯಿಂದ ತೆಗೆದ 14 ಗ್ರಾಮ್ ತುಪ್ಪ ಅಂದರೆ ತುಪ್ಪದ್ದೇ 126, ಒಟ್ಟು 330. ನಡುವಿನ ಅಂತರ ಹೆಚ್ಚುಕಡಿಮೆ ಒಂದೂವರೆ ಇಡ್ಲಿ. ಹೊಟ್ಟೆಗೆ ಮಾತ್ರ ಒಂದೂವರೆ ಇಡ್ಲಿ ತಿಂದ ಸಮಾಧಾನ ಇಲ್ಲ.

ಎಳ್ಳೆಣ್ಣೆ ಎಷ್ಟು ಹೊತ್ತಾದರೂ ತಟ್ಟೆಯಲ್ಲಿ ನೀರಾಗಿಯೇ ಇರುತ್ತದೆ. ಮೂರನೇ ಇಡ್ಲಿಗೂ ಪುಡಿ ಮೊದಲಿನಷ್ಟೇ ಒದ್ದೆ. ಪುಡಿಯೊಳಗೇ ಎಳ್ಳು ಇರುವುದರಿಂದ ವಾಸನೆಯೂ ಹೊಂದುತ್ತದೆ, ಕಡಿಮೆ ಹಾಕಿದರೂ ಹಾಕಿದ್ದು ಗೊತ್ತಾಗುತ್ತದೆ.

ಎಣ್ಣೆಗೂ ಒಂದು ಕೆಟ್ಟ ಚಾಳಿ ಇದೆ. ಪುಡಿಯಲ್ಲಿ ಗುಳಿ ಮಾಡಿ ಬಾಟಲಿ ಬಗ್ಗಿಸಿ ಸುರಿದರೆ ಸುಲಭವಾಗಿ ಮೂರು ಚಮಚ ಬೀಳುತ್ತದೆ, ಆಗ ತುಪ್ಪದ ಲೆಕ್ಕಕ್ಕೇ ಬಂದು ನಿಂತೆವು. ಪುಡಿಯ ಸುತ್ತ ಎಣ್ಣೆ ಬೇರೆಯಾಗಿ ಹರಿಯುತ್ತಿದ್ದರೆ ಜಾಸ್ತಿಯಾಗಿದೆ ಅಂತಲೇ ಅರ್ಥ, ಗಾಳಿ ಇದ್ದ ಜಾಗವೆಲ್ಲ ತುಂಬಿ ಉಳಿದದ್ದು ಅದು. ಬೆರಳಲ್ಲಿ ಒತ್ತಿದರೆ ಒದ್ದೆ ಮರಳಿನ ಹಾಗೆ ನಿಂತರೆ ಸಾಕು.

ಸ್ಯಾಚುರೇಟೆಡ್ ಕೊಬ್ಬು ತುಪ್ಪದಲ್ಲಿ ಅರ್ಧಕ್ಕಿಂತ ಜಾಸ್ತಿ, ಎಳ್ಳೆಣ್ಣೆಯಲ್ಲಿ ಆರೇಳನೇ ಒಂದು ಪಾಲು. ಡಾಕ್ಟರು ಕೊಲೆಸ್ಟರಾಲ್ ಬಗ್ಗೆ ಹೇಳಿದ್ದರೆ ಕ್ಯಾಲೊರಿಗಿಂತ ಇದನ್ನೇ ನೋಡಿ.

ರುಚಿಯಲ್ಲಿ ತುಪ್ಪ ಗೆಲ್ಲುತ್ತದೆ, ಒಪ್ಪಿದೆ. ಖಾರ ಜಾಸ್ತಿಯಾದ ಪುಡಿಗೆ ತುಪ್ಪವೇ ಸರಿ. ಅಮ್ಮನ ಕೇಳಿದರೆ "ಎಣ್ಣೆ ಹಾಕ್ಕೊಂಡು ಅದೇನು ತಿಂತೀಯೋ" ಅನ್ನುತ್ತಾಳೆ. ಅವಳು ತಿನ್ನುವುದು ಎರಡೇ ಇಡ್ಲಿ, ಬಿಸಿಬಿಸಿಯಾಗಿ ಒಲೆ ಪಕ್ಕದಲ್ಲೇ ನಿಂತು. ಅವಳ ತುಪ್ಪ ಗಟ್ಟಿಯಾಗುವಷ್ಟು ಹೊತ್ತು ತಟ್ಟೆಯಲ್ಲಿ ಇರುವುದೇ ಇಲ್ಲ, ಹಾಗಾಗಿ ಅವಳಿಗೆ ತುಪ್ಪ ಸರಿ. ನಾನು ಫೋನು ನೋಡುತ್ತಾ ನಿಧಾನಕ್ಕೆ ತಿನ್ನುವವನು. ನನ್ನಂಥವರಿಗೆ ಎಳ್ಳೆಣ್ಣೆ ಸಾಕು, ಜೇಬಿಗೂ ತುಪ್ಪದಷ್ಟು ಭಾರ ಅಲ್ಲ.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ, ನಿಮ್ಮ ಮನೆಯ ಚಮಚಕ್ಕೆ ನೀರು ತುಂಬಿ ತೂಗಿ. 5 ಗ್ರಾಮ್ ಬಂದರೆ ಮೇಲಿನ ಲೆಕ್ಕ ಹಾಗೇ ಹಿಡಿಯಬಹುದು. ನಮ್ಮನೆಯ ಊಟದ ಚಮಚ 9 ಗ್ರಾಮ್ ನೀರು ಹಿಡಿಯಿತು. ಅದರಲ್ಲಿ ಎಣ್ಣೆ ತುಂಬಿದರೆ 70ಕ್ಕೂ ಜಾಸ್ತಿ ಕ್ಯಾಲೊರಿ. ಅದಕ್ಕೇ ಈಗ ಎಣ್ಣೆ ಬಾಟಲಿ ಪಕ್ಕದಲ್ಲಿ ಸಿರಪ್ ಜೊತೆ ಬಂದಿದ್ದ 5 ಎಂಎಲ್ ಚಮಚ ಇಟ್ಟಿದ್ದೇನೆ.