ಕೂರುವ ಕ್ರಿಯೆಯಲ್ಲಿ ಕಟ್ ಎಲ್ಲಿ ಬೀಳಬೇಕು?

ಒಬ್ಬಾತ ನಡೆದು ಬಂದು ಕುರ್ಚಿಯಲ್ಲಿ ಕೂರುತ್ತಾನೆ. ಮೊದಲ ಶಾಟ್ ದೂರದ್ದು. ಎರಡನೆಯದು ಹತ್ತಿರದ್ದು, ಕ್ಯಾಮೆರಾ ಕೂತವನ ಮುಖದ ಎತ್ತರದಲ್ಲಿದೆ. ಕೂರುವ ಕ್ರಿಯೆ ಎರಡರಲ್ಲೂ ಪೂರ್ತಿಯಾಗಿ ಚಿತ್ರೀಕರಣವಾಗಿರುವುದರಿಂದ ಎಲ್ಲಿ ಬೇಕಾದರೂ ಕತ್ತರಿಸಬಹುದು. ಸೆಕೆಂಡಿಗೆ 25 ಫ್ರೇಮ್‌ಗಳ ಈ ದೃಶ್ಯವನ್ನು ನಾನು ಹಲವು ಬಗೆಯಲ್ಲಿ ಜೋಡಿಸಿ, ಒಂದರ ಹಿಂದೊಂದು ಓಡಿಸಿ ನೋಡಿದೆ.

ಅವನು ಬಾಗುವ ಮೊದಲೇ ಕತ್ತರಿಸಿದರೆ ಹತ್ತಿರದ ಶಾಟ್‌ನಲ್ಲಿ ಒಂದು ಕ್ಷಣ ಅಂಗಿಯ ಗುಂಡಿಗಳಷ್ಟೇ ಕಾಣುತ್ತವೆ, ಆಮೇಲೆ ಮುಖ ಇಳಿದು ಬರುತ್ತದೆ. ಈ ಆಯ್ಕೆಯನ್ನು ಕೂಡಲೇ ಕೈಬಿಟ್ಟೆ. ಪೂರ್ತಿ ಕೂತ ಮೇಲೆ ಕತ್ತರಿಸಿದರೆ ಚಿತ್ರ ತಪ್ಪಾಗಿ ಕಾಣುವುದಿಲ್ಲ, ಆದರೆ ಕಟ್ ಎದ್ದು ಕಾಣುತ್ತದೆ. ಚಲನೆ ನಿಂತುಹೋಗಿರುವುದರಿಂದ ಕಣ್ಣಿಗೆ ಹಿಂಬಾಲಿಸಲು ಏನೂ ಇಲ್ಲ. ವ್ಯಕ್ತಿಯ ಗಾತ್ರ ಹಠಾತ್ತನೆ ಬದಲಾದದ್ದೇ ಗಮನಕ್ಕೆ ಬರುತ್ತದೆ. ಮಾತಿಗೆ ಮುಂಚೆ ಒಂದು ಬಿಡುವು ಬೇಕೆನಿಸಿದಾಗ ಮಾತ್ರ ನಾನು ಇದನ್ನು ಬಳಸುತ್ತೇನೆ.

ನನಗೆ ಒಪ್ಪಿಗೆಯಾದದ್ದು ದೇಹ ಇಳಿಯತೊಡಗಿ ಮೂರನೇ ಒಂದು ಭಾಗ ದಾಟಿದ ಜಾಗ. ಚಲನೆಯ ದೊಡ್ಡ ಪಾಲು ಹೊಸ ಶಾಟ್‌ಗೆ ಉಳಿಯುತ್ತದೆ, ಕಣ್ಣು ಅದನ್ನೇ ಹಿಡಿದು ಮುಂದೆ ಸಾಗುತ್ತದೆ.

ನಿಜವಾದ ಪೈಪೋಟಿ ಶುರುವಾಗುವುದು ಇಲ್ಲಿಂದ. ದೇಹ ಎರಡೂ ಶಾಟ್‌ಗಳಲ್ಲಿ ಒಂದೇ ಹಂತದಲ್ಲಿರುವ ಫ್ರೇಮ್‌ಗಳನ್ನು ಕರಾರುವಾಕ್ಕಾಗಿ ಸೇರಿಸಬೇಕೇ, ಅಥವಾ ಎರಡು ಮೂರು ಫ್ರೇಮ್‌ಗಳಷ್ಟು ಚಲನೆಯನ್ನು ಮರುಕಳಿಸಬೇಕೇ? ಒಂದೊಂದೇ ಫ್ರೇಮ್ ಸರಿಸಿ ನೋಡುವಾಗ ಕರಾರುವಾಕ್ಕಾದ ಜೋಡಣೆಯೇ ಸರಿ ಎನಿಸುತ್ತದೆ. ಓಡಿಸಿದಾಗ ಮಾತ್ರ ಅವನು ಧೊಪ್ಪನೆ ಕುಸಿದಂತೆ ಕಾಣುತ್ತದೆ. ದೂರದ ಶಾಟ್‌ನಲ್ಲಿ ಅವನ ತಲೆ ಪರದೆಯ ಎಡಬದಿಯಲ್ಲಿ ಪುಟ್ಟದಾಗಿದೆ, ಹತ್ತಿರದ್ದರಲ್ಲಿ ನಡುವೆಯೇ ದೊಡ್ಡದಾಗಿದೆ. ನೋಡುಗನ ಕಣ್ಣು ಆ ಹೊಸ ಜಾಗಕ್ಕೆ ಹೊರಳುವಷ್ಟರಲ್ಲಿ ಮೊದಲ ಕೆಲವು ಫ್ರೇಮ್‌ಗಳು ನೋಟಕ್ಕೆ ದಕ್ಕದೆ ಹೋಗುತ್ತವೆ. ಎರಡನೇ ಶಾಟನ್ನು ಮೂರು ಫ್ರೇಮ್, ಅಂದರೆ ಸೆಕೆಂಡಿನ ಎಂಟನೇ ಒಂದು ಭಾಗಕ್ಕಿಂತ ತುಸು ಕಡಿಮೆ, ಹಿಂದಿನಿಂದ ಶುರುಮಾಡಿದಾಗ ಇಳಿತ ಒಂದೇ ಎಳೆಯಾಗಿ ಸಾಗಿತು. ಆರು ಫ್ರೇಮ್ ಮಾಡಿದಾಗ ಅವನು ಎರಡು ಸಲ ಕೂತಂತೆ ಕಂಡಿತು.

ಆದರೂ ಇದನ್ನು ಎಲ್ಲ ಕಡೆಗೂ ನಿಯಮವಾಗಿಸಲಾಗದು. ಮೇಜಿನ ಮೇಲಿನ ಲೋಟ ಎತ್ತುವ ಕೈ ಎರಡೂ ಶಾಟ್‌ಗಳಲ್ಲಿ ಪರದೆಯ ಒಂದೇ ಜಾಗದಲ್ಲಿದ್ದಾಗ ಕಣ್ಣು ಎಲ್ಲಿಗೂ ಹೋಗಬೇಕಿಲ್ಲ. ಅಲ್ಲಿ ಎರಡು ಫ್ರೇಮ್‌ಗಳ ಮರುಕಳಿಕೆಯೂ ತಡವರಿಕೆಯಾಗಿ ಕಂಡಿತು, ಕರಾರುವಾಕ್ಕಾದ ಜೋಡಣೆಯೇ ಗೆದ್ದಿತು. ಹಾಗಾಗಿ ಕತ್ತರಿಸುವ ಮೊದಲು ನಾನು ನೋಡುವುದು ಕಣ್ಣು ಎಷ್ಟು ದೂರ ಹೊರಳಬೇಕು ಎಂಬುದನ್ನು.

ನಟ ಒಂದರಲ್ಲಿ ಸರಕ್ಕನೆ, ಇನ್ನೊಂದರಲ್ಲಿ ನಿಧಾನವಾಗಿ ಕೂತಿದ್ದರೆ ಎಷ್ಟು ಫ್ರೇಮ್ ಸರಿಸಿದರೂ ಕೂಡಿಬರುವುದಿಲ್ಲ, ವೇಗ ಹೊಂದುವ ಬೇರೆ ಟೇಕ್ ಹುಡುಕಬೇಕು. ಶಬ್ದವನ್ನಂತೂ ಮರುಕಳಿಸಲೇಬಾರದು. ಕುರ್ಚಿಯ ಸದ್ದನ್ನು ಒಂದೇ ಟೇಕ್‌ನಿಂದ ತೆಗೆದು ಕಟ್‌ನ ಎರಡೂ ಬದಿಗೆ ಹರಡುತ್ತೇನೆ. ಕೂತ ಸದ್ದು ಕಟ್ ಆದ ಕೆಲವು ಫ್ರೇಮ್‌ಗಳ ನಂತರ ಬರುವಂತೆ ನೋಡಿಕೊಳ್ಳುತ್ತೇನೆ.