ಐಫೋನ್ ಫೋಟೊ 50 ಕೆಬಿ ಒಳಗೆ: ವಾಟ್ಸಾಪ್, ಪೇಂಟ್, ಕಮಾಂಡ್

ಅಕ್ಕನ ಮಗಳು ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕುತ್ತಿದ್ದಳು. ಫಾರ್ಮಿಗೆ ಬೇಕಾದದ್ದು ಜೆಪೆಗ್ ಫೋಟೊ, 20ರಿಂದ 50 ಕೆಬಿ ಒಳಗೆ. ಅವಳ ಐಫೋನ್ ಕೊಡುವುದು .heic ಫೈಲ್, ಅದೂ ಎಂಬಿ ಲೆಕ್ಕದಲ್ಲಿ. ಶಿರಸಿಯ ಮನೆಯಲ್ಲೇ ಕೂತು ಬೇರೆ ಬೇರೆ ದಾರಿ ಹಿಡಿದು ನೋಡಿದೆ.

ಹೆಸರಿನ ಕೊನೆಯ .heic ಅಳಿಸಿ .jpg ಅಂತ ಬರೆದರೆ ಆಗಲ್ವಾ ಎಂದು ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ಹೆಸರು ಬದಲಾದರೂ ಒಳಗಿನದು ಹಾಗೇ ಇರುತ್ತದೆ. ಅನುಮಾನ ಇದ್ದರೆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಶುರುವಿನಲ್ಲೇ `ftypheic` ಕಂಡರೆ ಅದು ಜೆಪೆಗ್ ಅಲ್ಲ. ನಿಜವಾದ ಜೆಪೆಗ್‌ನಲ್ಲಿ ಸಾಮಾನ್ಯವಾಗಿ `JFIF` ಅಥವಾ `Exif` ಕಾಣುತ್ತದೆ.

ವಾಟ್ಸಾಪ್ ದಾರಿ ಎಲ್ಲಕ್ಕಿಂತ ಸುಲಭ. ಫೋಟೊವನ್ನು ನಿಮಗೇ ಕಳಿಸಿಕೊಂಡು ಕಂಪ್ಯೂಟರಿನಲ್ಲಿ ಇಳಿಸಿಕೊಂಡರೆ ಜೆಪೆಗ್ ಆಗಿಯೇ ಬರುತ್ತದೆ. ಡಾಕ್ಯುಮೆಂಟ್ ಆಗಿ ಮಾತ್ರ ಕಳಿಸಬೇಡಿ, ಆಗ ಮೂಲ ಫೈಲೇ ಬರುತ್ತದೆ. ಆದರೆ ಗಾತ್ರ ನಮ್ಮ ಕೈಯಲ್ಲಿಲ್ಲ. ನನಗೆ ಬಂದದ್ದು 50 ಕೆಬಿಗಿಂತ ಎಷ್ಟೋ ಜಾಸ್ತಿ.

ಅಲ್ಲಿಂದ ಮುಂದೆ ಪೇಂಟ್. ಮೊದಲು ತಲೆ, ಹೆಗಲು ಬರುವಷ್ಟು ಕ್ರಾಪ್ ಮಾಡಿ, ಆಮೇಲೆ ಪಿಕ್ಸೆಲ್ ಇಳಿಸಿ. 12 ಮೆಗಾಪಿಕ್ಸೆಲ್ ಚಿತ್ರವನ್ನು ಹಾಗೇ 50 ಕೆಬಿಗೆ ಹಿಂಡಿದರೆ ಮುಖದ ಮೇಲೆ ಚೌಕ ಚೌಕ ಕಲೆ ಬೀಳುತ್ತದೆ. ಅಷ್ಟು ಪಿಕ್ಸೆಲ್‌ಗೆ ಅಷ್ಟು ಕೆಬಿ ಏನೇನೂ ಸಾಲದು. ಫಾರ್ಮ್ ಸೂಚಿಸಿದ್ದು 200x230 ಪಿಕ್ಸೆಲ್. ಅಷ್ಟಕ್ಕೇ ಇಳಿಸಿ ಸೇವ್ ಮಾಡಿದರೆ ಫೈಲ್ 20 ಕೆಬಿಗಿಂತ ಕೆಳಗೆ ಹೋಯಿತು, ಫಾರ್ಮ್ ಒಪ್ಪಲಿಲ್ಲ! ಪೇಂಟಿನಲ್ಲಿ ಜೆಪೆಗ್ ಗುಣಮಟ್ಟ ಆರಿಸುವ ಅವಕಾಶ ಇಲ್ಲ. ಅದೇ ಅನುಪಾತದಲ್ಲಿ 400x460 ಮಾಡಿದೆ. 30 ಕೆಬಿ ಆಸುಪಾಸಿಗೆ ಬಂತು, ಅಪ್‌ಲೋಡ್ ಆಯಿತು. ಆದರೆ 200x230 ಕಡ್ಡಾಯ ಎಂದಿರುವ ಕಡೆ ಈ ಉಪಾಯ ನಡೆಯದು.

ಮೂರನೆಯದು ಇಮೇಜ್‌ಮ್ಯಾಜಿಕ್, ಕಮಾಂಡ್ ಬರೆದು ಚಿತ್ರ ಬದಲಿಸುವ ತಂತ್ರಾಂಶ. ಕ್ರಾಪ್ ಮಾಡಿದ ಫೋಟೊಗೆ ಹೀಗೆ ಕೊಟ್ಟೆ:

```
magick photo.jpg -resize 400x460 -strip -define jpeg:extent=45kb out.jpg
```

45 ಕೆಬಿ ಮೀರದ ಹಾಗೆ ಗುಣಮಟ್ಟವನ್ನು ಅದೇ ಹುಡುಕಿಕೊಳ್ಳುತ್ತದೆ. ಕೆಳಗಿನ ಮಿತಿಯನ್ನು ಮಾತ್ರ ಅದು ನೋಡುವುದಿಲ್ಲ. ದಿನಾ ಹತ್ತಾರು ಅರ್ಜಿ ತುಂಬುವ ಸೈಬರ್ ಅಂಗಡಿಗೆ ಇದೇ ಸರಿ. ಒಂದೇ ಅರ್ಜಿಗಾಗಿ ಸುಮ್ನೆ ಇದನ್ನು ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ವಾಟ್ಸಾಪ್ ಮತ್ತು ಪೇಂಟ್ ಜೋಡಿಯೇ ಸಾಕು.

ಯಾವ ದಾರಿ ಹಿಡಿದರೂ ಬೆಳಕು ಮುಖ್ಯ. ನಮ್ಮ ಮಳೆಗಾಲದ ಮಬ್ಬಿನಲ್ಲಿ ಮನೆಯೊಳಗೆ ತೆಗೆದ ಫೋಟೊದಲ್ಲಿ ಸಣ್ಣ ಸಣ್ಣ ಚುಕ್ಕೆ ತುಂಬಿರುತ್ತವೆ. ಜೆಪೆಗ್ ಆ ಚುಕ್ಕೆಗಳಿಗೂ ಜಾಗ ಕೊಡುತ್ತದೆ, ಮುಖಕ್ಕೆ ಉಳಿಯುವುದು ಕಡಿಮೆ. ಜಗಲಿಯಲ್ಲಿ, ಹೊರಗಿನ ಬೆಳಕು ಮುಖಕ್ಕೆ ಬೀಳುವ ಹಾಗೆ ಕೂರಿಸಿ ತೆಗೆದದ್ದು ಅಷ್ಟೇ ಕೆಬಿಯಲ್ಲಿ ಎಷ್ಟೋ ಚೆನ್ನಾಗಿ ಬಂತು.